ಸತ್ಯಕೋಷ್ಟಕವಿಲ್ಲದೆ AB + A'C + BC = AB + A'C ಸಾಧಿಸುವುದು ಹೇಗೆ? ಅದರ ಡ್ಯುಯಲ್‌ಗೆ ಮತ್ತೊಂದು ಸಾಧನೆ ಬೇಕೇ?

ಅಘನಾಶಿನಿ

ನಾನು ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. ಬೂಲಿಯನ್ ಬೀಜಗಣಿತದ ಅಭ್ಯಾಸ ಪ್ರಶ್ನೆಗಳಲ್ಲಿ ಎರಡು ಭಾಗಗಳಿರುವ ಒಂದು ಪ್ರಶ್ನೆ ಇದೆ. ಮೊದಲ ಭಾಗದಲ್ಲಿ ಈ ನಿತ್ಯಸಮೀಕರಣವನ್ನು ಸತ್ಯಕೋಷ್ಟಕ ಬಳಸದೆ, ನಿಯಮಗಳಿಂದಲೇ ಸಾಧಿಸಬೇಕು:

```
AB + A'C + BC = AB + A'C
```

ಎರಡನೆಯ ಭಾಗದಲ್ಲಿ "ಆದುದರಿಂದ ಕೆಳಗಿನದನ್ನು ಸಾಧಿಸಿ" ಎಂದು ಕೇಳಿದ್ದಾರೆ:

```
(A + B)(A' + C)(B + C) = (A + B)(A' + C)
```

ಮೊದಲ ಭಾಗದ ಉತ್ತರವನ್ನು ನಾನು ನೋಡಿದ್ದೇನೆ. BC ಪದವನ್ನು (A + A') ಇಂದ ಗುಣಿಸುತ್ತಾರೆ, ಆಮೇಲೆ ಎಲ್ಲವೂ ಸರಾಗವಾಗಿ ಮುಗಿಯುತ್ತದೆ. ಆದರೆ ಆ ಹೆಜ್ಜೆ ಹೊಳೆಯುವುದು ಹೇಗೆ ಎಂಬುದು ನನಗೆ ತಿಳಿಯುತ್ತಿಲ್ಲ. ನನ್ನಷ್ಟಕ್ಕೆ ನಾನು ಯೋಚಿಸಿದರೆ ಎರಡೂ ಬದಿಯಿಂದ AB + A'C ಯನ್ನು ಹೊಡೆದುಹಾಕಬೇಕು ಅನ್ನಿಸುತ್ತದೆ. ಹಾಗೆ ಮಾಡಿದರೆ BC = 0 ಎಂದು ಉಳಿಯುತ್ತದೆ, B ಮತ್ತು C ಎರಡೂ 1 ಆದಾಗ ಅದು ನಿಲ್ಲುವುದಿಲ್ಲ.

ಎರಡನೆಯ ಭಾಗಕ್ಕೆ "ಡ್ಯುಯಾಲಿಟಿ ತತ್ವದಿಂದ" ಎಂಬ ಒಂದೇ ಸಾಲು ಸಾಕೇ? ಚಿಹ್ನೆಗಳನ್ನು ಅದಲುಬದಲು ಮಾಡಿದ ಮಾತ್ರಕ್ಕೆ ಹೊಸ ಸಮೀಕರಣವೂ ಸತ್ಯವಾಗುತ್ತದೆ ಎಂದು ನಂಬಲು ಕಾರಣವೇನು ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಎಂಟುಸಾಲು

ಮೂರು ಚರಾಕ್ಷರಗಳಿಗೆ ಎಂಟೇ ಸಾಲು. ಎರಡು ನಿಮಿಷದಲ್ಲಿ ಕೋಷ್ಟಕ ಬರೆದು, ಎರಡು ಕಾಲಂಗಳು ಒಂದೇ ಎಂದು ತೋರಿಸಿದರೆ ಅಲ್ಲಿಗೆ ಮುಗಿಯಿತು. ಅದರಲ್ಲಿ ಊಹೆಯಿಲ್ಲ, ಚಮತ್ಕಾರವಿಲ್ಲ, ತಪ್ಪುವ ಸಾಧ್ಯತೆಯೂ ಕಡಿಮೆ. ಬೀಜಗಣಿತದಿಂದಲೇ ಸಾಧಿಸಬೇಕೆಂಬ ಹಟ ಪರೀಕ್ಷೆಗಾಗಿ ಹುಟ್ಟಿಕೊಂಡಿದ್ದು ಎಂಬುದು ನನ್ನ ಅಭಿಪ್ರಾಯ.

ನಕ್ಷೆಗಾರ

ಕಾರ್ನೋ ನಕ್ಷೆ ಹಾಕಿದರೆ ಇದು ಕಣ್ಣಿಗೇ ಕಾಣುತ್ತದೆ. AB ಗೆ ಎರಡು ಮನೆಗಳ ಒಂದು ಗುಂಪು, A'C ಗೆ ಎರಡು ಮನೆಗಳ ಇನ್ನೊಂದು ಗುಂಪು. BC ಯ ಎರಡು ಮನೆಗಳಲ್ಲಿ ಒಂದು ಮೊದಲ ಗುಂಪಿನಲ್ಲಿಯೂ ಇನ್ನೊಂದು ಎರಡನೆಯ ಗುಂಪಿನಲ್ಲಿಯೂ ಆಗಲೇ ಸೇರಿಹೋಗಿವೆ. ಆದ್ದರಿಂದ ಕನಿಷ್ಠ ರೂಪ AB + A'C. ನಾಲ್ಕು ಚರಾಕ್ಷರಗಳ ಲೆಕ್ಕಕ್ಕೆ ನಕ್ಷೆ ಹಾಕುವ ಕ್ರಮ ಬೇಕಿದ್ದರೆ ಬರೆದು ತೋರಿಸುತ್ತೇನೆ.

ಅಘನಾಶಿನಿ

ಧನ್ಯವಾದಗಳು. ಆದರೆ ನಾನು ಕೇಳಿದ್ದು ಕನಿಷ್ಠ ರೂಪವನ್ನಲ್ಲ. ನಕ್ಷೆಯೂ ಒಂದು ಬಗೆಯಲ್ಲಿ ಮಡಚಿಟ್ಟ ಸತ್ಯಕೋಷ್ಟಕವೇ ಅಲ್ಲವೇ? ಪ್ರಶ್ನೆಯಲ್ಲಿ ಅದಕ್ಕೆ ಅವಕಾಶ ಕೊಟ್ಟಿಲ್ಲ.

ಸೀಮೆಸುಣ್ಣ

ಪ್ರಶ್ನೆ ಚೆನ್ನಾಗಿದೆ. ನಕ್ಷೆಗಾರರು ಪ್ರಶ್ನೆಯಿಂದ ಆಚೆಗೆ ಹೋದರೂ ಉತ್ತರದ ಸುಳಿವನ್ನು ಅವರೇ ಕೊಟ್ಟಿದ್ದಾರೆ. BC ಯ ಎರಡು ಮನೆಗಳು ಎರಡು ಬೇರೆ ಬೇರೆ ಗುಂಪುಗಳಿಗೆ ಸೇರುತ್ತವೆ ಎಂದರಲ್ಲ, (A + A') ಎಂಬ ಗುಣಕ ಮಾಡುವ ಕೆಲಸವೂ ಅದೇ.

ಮೊದಲು AB + A'C ಏನನ್ನು ಹೇಳುತ್ತದೆ ಎಂದು ನೋಡಿ. A ಯ ಬೆಲೆ 1 ಆಗಿದ್ದರೆ ಫಲಿತಾಂಶ B, A ಯ ಬೆಲೆ 0 ಆಗಿದ್ದರೆ ಫಲಿತಾಂಶ C. ನೀವು ಪ್ರಯೋಗಾಲಯದಲ್ಲಿ ಜೋಡಿಸುವ ಎರಡು ಇನ್‌ಪುಟ್‌ಗಳ ಮಲ್ಟಿಪ್ಲೆಕ್ಸರ್ ಇದೇ, A ಅದರ ಸೆಲೆಕ್ಟ್ ಗೆರೆ. ಈಗ BC ಎಂಬ ಪದ ಹೇಳುವುದು "B ಮತ್ತು C ಎರಡೂ 1 ಆಗಿದ್ದರೆ ಫಲಿತಾಂಶ 1" ಎಂದು. ಯಾವುದನ್ನು ಆರಿಸಿದರೂ 1 ಸಿಗುವ ಸಂದರ್ಭವದು, ಆದ್ದರಿಂದ ಆ ಪದ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಈ ಅರ್ಥ ಮನಸ್ಸಿಗೆ ಬಂದರೆ ಸಾಧನೆಯ ದಾರಿಯೂ ಗೊತ್ತಾಗುತ್ತದೆ. ಉಳಿದೆರಡು ಪದಗಳಲ್ಲಿ A ಇದೆ, BC ಯಲ್ಲಿ ಮಾತ್ರ ಇಲ್ಲ. ಅದನ್ನು ಅವುಗಳೊಂದಿಗೆ ಹೋಲಿಸಬೇಕಾದರೆ "A ಇದ್ದಾಗಿನ BC" ಮತ್ತು "A ಇಲ್ಲದಾಗಿನ BC" ಎಂದು ಒಡೆಯಬೇಕು. ಒಡೆಯಲು ನಮ್ಮ ಕೈಯಲ್ಲಿರುವ ಸಾಧನ A + A' = 1 ಒಂದೇ.

```
AB + A'C + BC
= AB + A'C + BC(A + A')
= AB + A'C + ABC + A'BC
= AB(1 + C) + A'C(1 + B)
= AB + A'C
```

ಹೊಡೆದುಹಾಕುವ ವಿಚಾರಕ್ಕೆ ಬಂದರೆ, ಸಾಮಾನ್ಯ ಬೀಜಗಣಿತದಲ್ಲಿ ಎರಡೂ ಬದಿಯಿಂದ ಒಂದೇ ಪದವನ್ನು ತೆಗೆಯಲು ಸಾಧ್ಯವಾಗುವುದು ಅಲ್ಲಿ ವ್ಯವಕಲನ ಇರುವುದರಿಂದ. ಇಲ್ಲಿನ + ಗೆ ವಿಲೋಮವಿಲ್ಲ. 1 + 0 = 1 ಮತ್ತು 1 + 1 = 1 ಎರಡೂ ನಿಜ, ಆದರೆ ಎರಡರಲ್ಲಿಯೂ 1 ನ್ನು ಹೊಡೆದರೆ 0 = 1 ಎಂದಾಗುತ್ತದೆ. ಹಾಗೆಯೇ ಭಾಗಾಕಾರವೂ ಇಲ್ಲ, AB = AC ಎಂಬುದರಿಂದ B = C ಎಂದು ಬರೆಯುವಂತಿಲ್ಲ. ಸಾಧನೆಯಲ್ಲಿ ಎಲ್ಲಿಯಾದರೂ ಪದವೊಂದು ಎರಡೂ ಬದಿಯಿಂದ ಒಟ್ಟಿಗೆ ಮಾಯವಾಗಿದ್ದರೆ ಅಲ್ಲಿಗೆ ಪೆನ್ನು ನಿಲ್ಲಿಸಿ ನೋಡಬೇಕು. ಮೌಲ್ಯಮಾಪನ ಮಾಡುವಾಗ ನಾನು ಮೊದಲು ಹುಡುಕುವುದು ಅದನ್ನೇ.

ಎರಡನೆಯ ಭಾಗಕ್ಕೆ ಇನ್ನೊಂದು ಪೋಸ್ಟ್‌ನಲ್ಲಿ ಬರುತ್ತೇನೆ.

ಪರ್ಯಾಯಪಥ

ಎರಡನೆಯ ಭಾಗಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಡ್ಯುಯಾಲಿಟಿ ಎಂದರೆ ಡಿ ಮಾರ್ಗನ್ ನಿಯಮವೇ. ಸಮೀಕರಣದ ಎರಡೂ ಬದಿಗೆ ಪೂರಕ ತೆಗೆಯಿರಿ, + ಇದ್ದಲ್ಲಿ ಗುಣಾಕಾರ ಬರುತ್ತದೆ, ಗುಣಾಕಾರ ಇದ್ದಲ್ಲಿ + ಬರುತ್ತದೆ. ಎರಡು ಸಮ ವಸ್ತುಗಳ ಪೂರಕಗಳೂ ಸಮವಾಗಿರುತ್ತವೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಹಾಗಾಗಿ ಡ್ಯುಯಲ್ ಕೂಡ ಸತ್ಯ.

ಅಘನಾಶಿನಿ

ನೀವು ಹೇಳಿದಂತೆ ಮಾಡಿ ನೋಡಿದೆ. ನನಗೆ ಸಿಕ್ಕಿದ್ದು ಇದು:

```
(A' + B')(A + C')(B' + C') = (A' + B')(A + C')
```

ಪ್ರಶ್ನೆಯಲ್ಲಿ ಕೇಳಿದ್ದು ಇದಲ್ಲ. ಪ್ರತಿಯೊಂದು ಅಕ್ಷರಕ್ಕೂ ಪೂರಕ ಬಿದ್ದಿದೆ.

ಪರ್ಯಾಯಪಥ

ಪೂರಕದ ಚಿಹ್ನೆಗಳನ್ನು ತೆಗೆದುಬಿಡಿ, ಆಗ ಕೇಳಿದ್ದೇ ಸಿಗುತ್ತದೆ.

ಸೀಮೆಸುಣ್ಣ

"ತೆಗೆದುಬಿಡಿ" ಎಂಬ ಆ ಒಂದು ಮಾತಿನಲ್ಲಿ ಇಡೀ ವಿಷಯ ಅಡಗಿದೆ, ಅದನ್ನು ಅಷ್ಟು ಹಗುರವಾಗಿ ದಾಟಬಾರದು. ಪರ್ಯಾಯಪಥರ ದಾರಿ ಕೊನೆಗೆ ಸರಿಯಾದ ಜಾಗಕ್ಕೇ ತಲುಪುತ್ತದೆ, ಆದರೆ ಪೂರಕ ಮತ್ತು ಡ್ಯುಯಲ್ ಎರಡೂ ಒಂದೇ ಎಂಬುದು ಸರಿಯಲ್ಲ. AB ಯ ಪೂರಕ A' + B', ಡ್ಯುಯಲ್ A + B. A ಮತ್ತು B ಎರಡೂ 1 ಆದಾಗ ಮೊದಲನೆಯದು 0, ಎರಡನೆಯದು 1.

ಅಘನಾಶಿನಿ ಪಡೆದ ಸಮೀಕರಣವು A, B, C ಗಳ ಎಲ್ಲ ಬೆಲೆಗಳಿಗೂ ನಿಲ್ಲುತ್ತದೆ. ಎಲ್ಲ ಬೆಲೆಗಳಿಗೂ ನಿಲ್ಲುವುದರಿಂದಲೇ A ಇದ್ದಲ್ಲಿ A' ಎಂದೂ, B ಇದ್ದಲ್ಲಿ B' ಎಂದೂ, C ಇದ್ದಲ್ಲಿ C' ಎಂದೂ ಹಾಕಲು ನಮಗೆ ಹಕ್ಕಿದೆ. ಹಾಕಿದ ಮೇಲೆ ಎರಡು ಪೂರಕಗಳು ಸೇರಿ ಮೂಲ ಅಕ್ಷರ ಬರುತ್ತದೆ, ಪ್ರಶ್ನೆಯಲ್ಲಿ ಕೇಳಿದ ರೂಪ ಸಿಗುತ್ತದೆ. ಇಲ್ಲಿ ನಡೆದದ್ದು ಚಿಹ್ನೆ ತೆಗೆದುಹಾಕುವ ಕೆಲಸವಲ್ಲ, ಚರಾಕ್ಷರಗಳ ಬದಲಾವಣೆ. ಆ ಹಕ್ಕು ನಿತ್ಯಸಮೀಕರಣಕ್ಕೆ ಮಾತ್ರ ಇರುತ್ತದೆ. ಒಂದು ನಿರ್ದಿಷ್ಟ ಸಂದರ್ಭದಲ್ಲಿ ಮಾತ್ರ ನಿಜವಾಗುವ ಸಮೀಕರಣಕ್ಕೆ ಹೀಗೆ ಮಾಡಲು ಬರುವುದಿಲ್ಲ. ಉದಾಹರಣೆಗೆ, AB = 0 ಎಂದು ಕೊಟ್ಟಿದ್ದರೆ A'B + AB' = A + B ಎಂದು ಸಾಧಿಸಬಹುದು. ಇದರ ಡ್ಯುಯಲ್ ಬೇಕಾದರೆ ಷರತ್ತನ್ನೂ ತಿರುಗಿಸಬೇಕು: A + B = 1 ಎಂದು ಕೊಟ್ಟಿದ್ದರೆ (A' + B)(A + B') = AB. ಷರತ್ತನ್ನು AB = 0 ಎಂದೇ ಬಿಟ್ಟು ಫಲಿತಾಂಶವನ್ನು ಮಾತ್ರ ತಿರುಗಿಸಿದರೆ, A ಮತ್ತು B ಎರಡೂ 0 ಆದಾಗ ಎಡಬದಿ 1, ಬಲಬದಿ 0.

ಈಗ ಮುಖ್ಯ ಪ್ರಶ್ನೆ: ಚಿಹ್ನೆ ಬದಲಿಸಿದರೆ ಸತ್ಯ ಉಳಿಯುವುದೇಕೆ? ಡಿ ಮಾರ್ಗನ್ ನಿಯಮದ ನೆರವಿಲ್ಲದೆಯೂ ಇದನ್ನು ನೋಡಬಹುದು, ನನಗೆ ಆ ದಾರಿಯೇ ಹೆಚ್ಚು ಇಷ್ಟ. 1904 ರಲ್ಲಿ ಹಂಟಿಂಗ್ಟನ್ ಅವರು ಬೂಲಿಯನ್ ಬೀಜಗಣಿತಕ್ಕೆ ಕೊಟ್ಟ ಮೂಲ ನಿಯಮಗಳು ಜೋಡಿಜೋಡಿಯಾಗಿವೆ. A + 0 = A ಇದ್ದರೆ ಅದರ ಪಕ್ಕದಲ್ಲಿ A·1 = A ಇದೆ. A + A' = 1 ಇದ್ದರೆ A·A' = 0 ಇದೆ. ಪರಿವರ್ತನೀಯ ನಿಯಮವೂ ವಿಭಾಜಕ ನಿಯಮವೂ ಎರಡೆರಡು ರೂಪಗಳಲ್ಲಿವೆ. ಒಂದು ಸಾಧನೆಯ ಪ್ರತಿಯೊಂದು ಸಾಲೂ ಇವುಗಳಲ್ಲಿ ಯಾವುದಾದರೂ ಒಂದರ ಬಲದಿಂದ ಮುಂದಕ್ಕೆ ಹೋಗುತ್ತದೆ. ಹಾಗಾದರೆ ಪ್ರತಿ ಸಾಲಿನಲ್ಲಿಯೂ + ಮತ್ತು ·, 0 ಮತ್ತು 1 ಅದಲುಬದಲಾದಾಗ, ಆ ಸಾಲಿನ ಕಾರಣವೂ ತನ್ನ ಜೋಡಿ ನಿಯಮಕ್ಕೆ ಬದಲಾಗುತ್ತದೆ, ಅದೂ ಮೂಲ ನಿಯಮವೇ. ಸಾಧನೆ ಎಲ್ಲಿಯೂ ಕಡಿಯುವುದಿಲ್ಲ. ಮೇಲಿನ ಐದು ಸಾಲುಗಳನ್ನೇ ತಿರುಗಿಸಿ ಬರೆಯುತ್ತೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ:

```
(A + B)(A' + C)(B + C)
= (A + B)(A' + C)(B + C + AA')
= (A + B)(A' + C)(A + B + C)(A' + B + C)
= [(A + B) + 0·C][(A' + C) + 0·B]
= (A + B)(A' + C)
```

ಮೊದಲ ಸಾಧನೆಯಲ್ಲಿ 1 ರಿಂದ ಗುಣಿಸಿದೆವು, ಇಲ್ಲಿ 0 ಯನ್ನು ಕೂಡಿಸಿದೆವು. ಅಲ್ಲಿ ಬಳಸಿದ್ದು X(Y + Z) = XY + XZ, ಇಲ್ಲಿ X + YZ = (X + Y)(X + Z). ಎರಡನೆಯದು ಸಂಖ್ಯೆಗಳ ಬೀಜಗಣಿತದಲ್ಲಿ ಇಲ್ಲದಿರುವುದರಿಂದ ನಮ್ಮ ಕೈ ಅದಕ್ಕೆ ಪಳಗಿರುವುದಿಲ್ಲ, ಮೂರನೆಯ ಸಾಲು ವಿದ್ಯಾರ್ಥಿಗಳಿಗೆ ಕಷ್ಟವೆನಿಸುವುದು ಅದಕ್ಕೇ. ಡ್ಯುಯಾಲಿಟಿಯ ಪ್ರಯೋಜನವೂ ಅಲ್ಲಿಯೇ ಇದೆ. ಪಳಗಿದ ಕೈಯಿಂದ ಸುಲಭದ ಸಾಧನೆಯನ್ನು ಬರೆದು, ಕಷ್ಟದ್ದನ್ನು ತಿರುಗಿಸಿ ಪಡೆಯಬಹುದು.

ಅಘನಾಶಿನಿ

ಮೇಡಂ, ಈಗ ಸ್ಪಷ್ಟವಾಯಿತು. ಸಾಧನೆಯೇ ತಿರುಗುತ್ತದೆ, ಬರಿಯ ಸಮೀಕರಣವಲ್ಲ. ಆದರೆ ಇನ್ನೊಂದು ತೊಡಕಿದೆ. A + A'B = A + B ಎಂಬುದರ ಡ್ಯುಯಲ್ ಬರೆಯುವಾಗ ನನ್ನ ಸಹಪಾಠಿಯೊಬ್ಬರು ಹೀಗೆ ಬರೆದರು:

```
A·A' + B = AB
```

ಎಡಬದಿ 0 + B, ಅಂದರೆ B. ಹಾಗಾದರೆ B = AB ಎಂದಾಗುತ್ತದೆ. A = 0, B = 1 ಹಾಕಿದರೆ 1 = 0. ಪ್ರತಿಯೊಂದು ಚಿಹ್ನೆಯನ್ನೂ ಸರಿಯಾಗಿಯೇ ಬದಲಿಸಿದ್ದಾರೆ, ಆದರೂ ಫಲಿತಾಂಶ ಸುಳ್ಳು.

ಸೀಮೆಸುಣ್ಣ

ಚಿಹ್ನೆಗಳು ಸರಿಯಾಗಿವೆ, ಆವರಣ ಇಲ್ಲ. A + A'B ಎಂದು ಬರೆದಾಗ A'B ಯ ಸುತ್ತ ಕಣ್ಣಿಗೆ ಕಾಣದ ಆವರಣವೊಂದಿದೆ, ಗುಣಾಕಾರವನ್ನು ಮೊದಲು ಮಾಡಬೇಕೆಂಬ ರೂಢಿಯಿಂದ ಅದನ್ನು ಬಿಟ್ಟು ಬರೆಯುತ್ತೇವೆ. ಆ ರೂಢಿಯಲ್ಲಿ + ಮತ್ತು · ಎರಡಕ್ಕೂ ಸಮಾನ ಸ್ಥಾನವಿಲ್ಲ. ನಿಯಮಗಳು ಜೋಡಿಜೋಡಿಯಾಗಿದ್ದರೂ ಬರವಣಿಗೆಯ ಪದ್ಧತಿ ಒಂದು ಕಡೆಗೆ ವಾಲಿದೆ. ಆದ್ದರಿಂದ ತಿರುಗಿಸುವ ಮೊದಲು A + (A'·B) ಎಂದು ಆವರಣ ಹಾಕಿಕೊಂಡು, ಆಮೇಲೆ A·(A' + B) = AB ಎಂದು ಬರೆಯಬೇಕು. ಇದು ಸರಿ ಎಂಬುದು ಒಂದೇ ಹೆಜ್ಜೆಯಲ್ಲಿ ಕಾಣುತ್ತದೆ: AA' + AB = 0 + AB.

ಇನ್ನೊಂದು ಎಚ್ಚರಿಕೆ. A + A'B ಮತ್ತು ಅದರ ಡ್ಯುಯಲ್ ಆದ A(A' + B) ಪರಸ್ಪರ ಸಮ ಎಂದು ಕೆಲವರು ಬರೆದುಬಿಡುತ್ತಾರೆ. ತತ್ವ ಹೇಳುವುದು ಸಮೀಕರಣದ ಬಗ್ಗೆ, ಒಂಟಿ ಪದಪುಂಜದ ಬಗ್ಗೆ ಅಲ್ಲ. ಎರಡೂ ಬದಿ ಒಟ್ಟಿಗೆ ತಿರುಗಬೇಕು.

ಬೆಸುಗೆಕಡ್ಡಿ

ಚರ್ಚೆಯಲ್ಲಿ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ, ಏಕೆಂದರೆ ಮೊದಲ ಸಮೀಕರಣವನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ಅದು. ನಾನು ಹಳೆಯ ಕಂಟ್ರೋಲ್ ಬೋರ್ಡ್‌ಗಳ ರಿಪೇರಿ ಮಾಡುತ್ತೇನೆ. ಕಾರ್ಖಾನೆಯೊಂದರಿಂದ ಬಂದ ಬೋರ್ಡ್‌ನಲ್ಲಿ ಎರಡು ಸಂಕೇತಗಳಲ್ಲಿ ಒಂದನ್ನು ಆರಿಸಿ ಕೌಂಟರ್‌ನ ಕ್ಲಾಕ್‌ಗೆ ಕೊಡುವ ಭಾಗವಿತ್ತು. ಅದರಲ್ಲಿ ಒಂದು ಗೇಟ್ "ಅನಗತ್ಯ" ಎಂದು ಯಾರೋ ತೆಗೆದಿದ್ದರು. ಅದು BC ಗೇಟ್. ಬೀಜಗಣಿತದ ಪ್ರಕಾರ ಅವರು ಮಾಡಿದ್ದು ಸರಿಯೇ. ಆದರೆ B ಮತ್ತು C ಎರಡೂ 1 ಆಗಿರುವಾಗ A ಗೆರೆ 1 ರಿಂದ 0 ಗೆ ಇಳಿದರೆ ಕೌಂಟರ್ ಒಂದು ಎಣಿಕೆ ಹೆಚ್ಚು ಮಾಡುತ್ತಿತ್ತು.

ಆಸಿಲೋಸ್ಕೋಪ್ ಹಾಕಿ ನೋಡಿದಾಗ ಔಟ್‌ಪುಟ್ 1 ರಲ್ಲೇ ಇರಬೇಕಾದ ಕಡೆ ಸೂಜಿಮೊನೆಯಂತಹ ಒಂದು ಕುಸಿತ ಕಂಡಿತು. A ಇಳಿದ ಕ್ಷಣಕ್ಕೆ AB ಗೇಟ್ 0 ಆಗುತ್ತದೆ. A' ತಯಾರಾಗಬೇಕಾದರೆ ಇನ್ವರ್ಟರ್ ದಾಟಬೇಕು, 74LS04 ಆದರೆ ಸುಮಾರು 10 ನ್ಯಾನೋಸೆಕೆಂಡ್ ಬೇಕು. ಅಷ್ಟು ಹೊತ್ತು ಎರಡೂ ಪದಗಳು 0. BC ಗೇಟ್ ಇದ್ದಿದ್ದರೆ ಔಟ್‌ಪುಟ್ಟನ್ನು 1 ರಲ್ಲಿ ಹಿಡಿದಿಡುತ್ತಿತ್ತು. ಗೇಟನ್ನು ಮತ್ತೆ ಹಾಕಿದ ಮೇಲೆ ಹೆಚ್ಚುವರಿ ಎಣಿಕೆ ನಿಂತಿತು. ಹಾಗಾಗಿ ಈ ಸಮೀಕರಣವನ್ನು "ಸಾಧಿಸಿದ್ದೇವೆ" ಎಂದು ಹೇಳುವಾಗ ಯಾವ ಅರ್ಥದಲ್ಲಿ ಎಂದು ಕೇಳಬೇಕಾಗುತ್ತದೆ.

ಎಂಟುಸಾಲು

ಹಾಗಾದರೆ ಸಮೀಕರಣವೇ ತಪ್ಪು ಎಂದು ಹೇಳುತ್ತೀರಾ? ಕೋಷ್ಟಕದಲ್ಲಿ ಎಂಟೂ ಸಾಲುಗಳು ಹೊಂದುತ್ತವೆ.

ಬೆಸುಗೆಕಡ್ಡಿ

ತಪ್ಪು ಎನ್ನುವುದಿಲ್ಲ. ಕೋಷ್ಟಕದಲ್ಲಿ ಕಾಲಕ್ಕೆ ಕಾಲಂ ಇಲ್ಲ, ಬೀಜಗಣಿತದಲ್ಲಿಯೂ ಇಲ್ಲ. A ಮತ್ತು A' ಎರಡೂ ಒಂದೇ ಕ್ಷಣ 0 ಆಗಿರುವ ಸ್ಥಿತಿಯನ್ನು A + A' = 1 ಎಂಬ ನಿಯಮ ಒಪ್ಪುವುದೇ ಇಲ್ಲ, ತಂತಿಯಲ್ಲಿ ಅದು ಸಂಭವಿಸುತ್ತದೆ. ಕ್ಲಾಕ್‌ಗೆ ಕಟ್ಟಿದ ಫ್ಲಿಪ್‌ಫ್ಲಾಪ್‌ಗಳ ನಡುವಿನ ಲಾಜಿಕ್ ಆಗಿದ್ದರೆ ಈ ಕುಸಿತದಿಂದ ತೊಂದರೆಯಿಲ್ಲ, ಮುಂದಿನ ಕ್ಲಾಕ್ ಬರುವಷ್ಟರಲ್ಲಿ ಎಲ್ಲವೂ ನೆಲೆಗೊಂಡಿರುತ್ತದೆ. ಔಟ್‌ಪುಟ್ಟನ್ನೇ ಕ್ಲಾಕ್ ಆಗಿಯೋ ರೀಸೆಟ್ ಆಗಿಯೋ ಬಳಸಿದಾಗ ಮಾತ್ರ ಪೆಟ್ಟು ಬೀಳುತ್ತದೆ.

ಸೀಮೆಸುಣ್ಣ

ಇದು ವಿಷಯದಿಂದ ಹೊರಗಿನದೆಂದು ಮೊದಲಿಗೆ ಅನ್ನಿಸಬಹುದು, ಆದರೆ ಡ್ಯುಯಾಲಿಟಿ ಇಲ್ಲಿಯೂ ಹಿಂಬಾಲಿಸುತ್ತದೆ. (A + B)(A' + C) ಎಂಬ ರೂಪದಲ್ಲಿ ಸರ್ಕ್ಯೂಟ್ ಕಟ್ಟಿದ್ದರೆ, B ಮತ್ತು C ಎರಡೂ 0 ಆಗಿರುವಾಗ A ಯು 0 ರಿಂದ 1 ಕ್ಕೆ ಏರಿದರೆ, ಇನ್ವರ್ಟರ್‌ನ ವಿಳಂಬದಲ್ಲಿ A ಮತ್ತು A' ಎರಡೂ ಕ್ಷಣಕಾಲ 1 ಆಗಿ, 0 ಇರಬೇಕಾದ ಔಟ್‌ಪುಟ್ಟಿನಲ್ಲಿ 1 ರ ಮಿಣುಕು ಕಾಣುತ್ತದೆ. ಅದನ್ನು ಅದುಮುವುದು (B + C) ಎಂಬ ಅಂಶ. ಬೆಸುಗೆಕಡ್ಡಿಯವರ ಘಟನೆಯಲ್ಲಿ 0 ಮತ್ತು 1, ಏರಿಕೆ ಮತ್ತು ಇಳಿಕೆ ಎಲ್ಲವೂ ತಿರುಗಿದವು, ಅಷ್ಟೇ.

ಎಂಟುಸಾಲು

ಸರಿ, ತಂತಿಯ ವಿಷಯವನ್ನು ಬದಿಗಿಡೋಣ. ಶುದ್ಧ ಸಾಧನೆಯ ಪ್ರಶ್ನೆಯಲ್ಲಿ ನನ್ನ ಮಾತು ಹಾಗೆಯೇ ನಿಂತಿದೆ. ಕೋಷ್ಟಕವೂ ಪೂರ್ಣ ಸಾಧನೆಯೇ. ಸೀಮಿತ ಸಂಖ್ಯೆಯ ಸಂದರ್ಭಗಳಿವೆ, ಎಲ್ಲವನ್ನೂ ಪರೀಕ್ಷಿಸಿದೆವು. ಆರು ಚರಾಕ್ಷರಗಳಾದರೆ 64 ಸಾಲು, ಹತ್ತಾದರೆ 1024 ಸಾಲು ಎಂಬುದು ಬೇಸರದ ಮಾತಾಯಿತೇ ಹೊರತು ತರ್ಕದ ಕೊರತೆಯಲ್ಲ. ಬೀಜಗಣಿತದಿಂದ ಹೆಚ್ಚಿಗೆ ಸಿಗುವುದಾದರೂ ಏನು?

ಸೀಮೆಸುಣ್ಣ

A, B, C ಗಳು 0 ಅಥವಾ 1 ಮಾತ್ರ ಆಗಿದ್ದರೆ ನಿಮ್ಮ ಮಾತು ಪೂರ್ತಿ ಸರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ನಿಯಮಗಳನ್ನು ಪಾಲಿಸುವ, ಎರಡಕ್ಕಿಂತ ಹೆಚ್ಚು ಬೆಲೆಗಳಿರುವ ವ್ಯವಸ್ಥೆಗಳೂ ಇವೆ. 30 ರ ಭಾಜಕಗಳನ್ನು ತೆಗೆದುಕೊಳ್ಳಿ: 1, 2, 3, 5, 6, 10, 15, 30. ಇಲ್ಲಿ A + B ಎಂದರೆ ಲ.ಸಾ.ಅ., AB ಎಂದರೆ ಮ.ಸಾ.ಅ., A' ಎಂದರೆ 30 ನ್ನು A ಯಿಂದ ಭಾಗಿಸಿದಾಗ ಬರುವ ಭಾಗಲಬ್ಧ. ಸೊನ್ನೆಯ ಸ್ಥಾನದಲ್ಲಿ 1, ಒಂದರ ಸ್ಥಾನದಲ್ಲಿ 30 ಇರುತ್ತವೆ. ಹಂಟಿಂಗ್ಟನ್ ಅವರ ಎಲ್ಲ ಮೂಲ ನಿಯಮಗಳೂ ಇಲ್ಲಿ ನಡೆಯುತ್ತವೆ.

A = 2, B = 6, C = 6 ಎಂದು ಇಟ್ಟು ನಮ್ಮ ಸಮೀಕರಣವನ್ನು ನೋಡಿ. A' = 15. AB ಎಂದರೆ 2 ಮತ್ತು 6 ರ ಮ.ಸಾ.ಅ., ಅಂದರೆ 2. A'C ಎಂದರೆ 15 ಮತ್ತು 6 ರ ಮ.ಸಾ.ಅ., ಅಂದರೆ 3. BC ಎಂದರೆ 6. ಎಡಬದಿಯಲ್ಲಿ 2, 3, 6 ರ ಲ.ಸಾ.ಅ. 6, ಬಲಬದಿಯಲ್ಲಿ 2, 3 ರ ಲ.ಸಾ.ಅ. ಕೂಡ 6. ಇಲ್ಲಿ BC ಯ ಬೆಲೆ 6 ಆಗಿದ್ದು, 2 ಅಥವಾ 3 ಒಂಟಿಯಾಗಿ ಅದನ್ನು ನುಂಗಲಾರದು, ಎರಡೂ ಸೇರಿದಾಗ ಮಾತ್ರ ಅದು ಒಳಗಾಗುತ್ತದೆ. BC(A + A') ಎಂದು ಒಡೆದೆವಲ್ಲ, ಆ ಎರಡು ತುಂಡುಗಳು ಇಲ್ಲಿ 2 ಮತ್ತು 3 ಆಗಿ ಕಾಣಿಸಿಕೊಂಡಿವೆ. ಬರಿಯ 0 ಮತ್ತು 1 ರಲ್ಲಿ ಈ ನೋಟ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಒಂದು ತುಂಡು ಯಾವಾಗಲೂ 0 ಆಗಿರುತ್ತದೆ.

ಎಂಟು ಬೆಲೆಗಳ ಮೂರು ಚರಾಕ್ಷರಗಳಿಗೆ ಕೋಷ್ಟಕ ಬರೆಯಹೊರಟರೆ 512 ಸಾಲುಗಳಾಗುತ್ತವೆ. ಬೀಜಗಣಿತದ ಐದು ಸಾಲುಗಳು ಮಾತ್ರ ಒಂದಕ್ಷರವೂ ಬದಲಾಗದೆ ಇಲ್ಲಿಯೂ ಸಾಧನೆಯಾಗಿ ನಿಲ್ಲುತ್ತವೆ, ಏಕೆಂದರೆ ಅವು ಬೆಲೆಗಳನ್ನು ಮುಟ್ಟುವುದೇ ಇಲ್ಲ, ನಿಯಮಗಳನ್ನು ಮಾತ್ರ ಬಳಸುತ್ತವೆ. 30 ರ ಬದಲು 12 ನ್ನು ತೆಗೆದುಕೊಂಡರೆ ಆಟ ಕೆಡುತ್ತದೆ ಎಂಬುದನ್ನೂ ಗಮನಿಸಿ. ಅಲ್ಲಿ 2 ರ ಪೂರಕ 6 ಆಗಬೇಕು, ಆದರೆ 2 ಮತ್ತು 6 ರ ಮ.ಸಾ.ಅ. 2, ಅದು 1 ಆಗುವುದಿಲ್ಲ. 12 ರಲ್ಲಿ 2 ಎರಡು ಬಾರಿ ಗುಣಕವಾಗಿರುವುದೇ ಇದಕ್ಕೆ ಕಾರಣ. AA' = 0 ಎಂಬ ನಿಯಮ ಬಿದ್ದ ಮೇಲೆ ಅದನ್ನು ನೆಚ್ಚಿದ ಸಾಧನೆಯೂ ಬೀಳುತ್ತದೆ.

ಪರ್ಯಾಯಪಥ

ಇದಕ್ಕೊಂದು ಪ್ರತಿವಾದವಿದೆ. 0 ಮತ್ತು 1 ರಲ್ಲಿ ನಿಲ್ಲುವ ನಿತ್ಯಸಮೀಕರಣ ಎಲ್ಲ ಬೂಲಿಯನ್ ಬೀಜಗಣಿತಗಳಲ್ಲಿಯೂ ನಿಲ್ಲುತ್ತದೆ. 1936 ರಲ್ಲಿ ಸ್ಟೋನ್ ಅವರು ಪ್ರಕಟಿಸಿದ ಪ್ರಮೇಯದಿಂದ ಇದು ಬರುತ್ತದೆ. ಪ್ರತಿಯೊಂದು ಬೂಲಿಯನ್ ಬೀಜಗಣಿತವನ್ನೂ ಯಾವುದೋ ಗಣದ ಉಪಗಣಗಳ ವ್ಯವಸ್ಥೆಯಾಗಿ ನೋಡಬಹುದು, ಉಪಗಣ ಎಂದರೆ ಪ್ರತಿ ಅಂಶಕ್ಕೂ "ಇದೆ" ಅಥವಾ "ಇಲ್ಲ" ಎಂಬ ಉತ್ತರ. ನಿಮ್ಮ 30 ರ ಉದಾಹರಣೆಯಲ್ಲಿಯೇ ನೋಡಿ, ಪ್ರತಿ ಭಾಜಕವೂ 2, 3, 5 ಎಂಬ ಮೂರು ಅವಿಭಾಜ್ಯಗಳಲ್ಲಿ ಯಾವುವು ಇವೆ ಎಂಬ ಪಟ್ಟಿ ಮಾತ್ರ. ಹಾಗಾಗಿ 512 ಸಾಲು ಬೇಕಿಲ್ಲ, ಎಂಟೇ ಸಾಕು.

ಎಂಟುಸಾಲು

ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ.

ಸೀಮೆಸುಣ್ಣ

ಪರ್ಯಾಯಪಥರ ಮಾತು ನಿಜ. ಆದರೆ ಎಂಟು ಸಾಲುಗಳು ಸಾಕೆನ್ನಲು ಸ್ಟೋನ್ ಅವರ ಪ್ರಮೇಯವನ್ನು ಕರೆತರಬೇಕಾಯಿತು, ಅದರ ಸಾಧನೆ ನಮ್ಮ ಐದು ಸಾಲುಗಳಿಗಿಂತ ಬಹಳ ಭಾರವಾದದ್ದು. ವಿದ್ಯಾರ್ಥಿ ಕೋಷ್ಟಕ ಬರೆದು "ಎಲ್ಲೆಡೆಯೂ ಸತ್ಯ" ಎಂದರೆ ಆ ಭಾರವನ್ನು ಯಾರು ಹೊತ್ತರು ಎಂದು ನಾನು ಕೇಳುತ್ತೇನೆ. ಇದರಲ್ಲಿ ನಾವು ಒಪ್ಪದಿರಬಹುದು, ಅಡ್ಡಿಯಿಲ್ಲ. ಬರೆದದ್ದನ್ನು ಪರೀಕ್ಷಿಸಲು ಕೋಷ್ಟಕಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂಬುದನ್ನಂತೂ ನಾನೂ ಒಪ್ಪುತ್ತೇನೆ. ಅಘನಾಶಿನಿಯ ಸಹಪಾಠಿಯ ತಪ್ಪು ಹೊರಬಿದ್ದದ್ದು A = 0, B = 1 ಎಂಬ ಒಂದೇ ಸಾಲಿನಿಂದ.

ಅಘನಾಶಿನಿ

ಇನ್ನೊಂದು ಸಮೀಕರಣವನ್ನು ನಾನೇ ಸಾಧಿಸಿ ನೋಡಿದೆ:

```
(A + B)(A' + C)
= AA' + AC + A'B + BC
= AC + A'B + BC
= AC + A'B
```

ಕೊನೆಯ ಹೆಜ್ಜೆಗೆ ಮೊದಲ ಪ್ರಶ್ನೆಯ ಫಲಿತಾಂಶವನ್ನೇ B ಮತ್ತು C ಗಳ ಸ್ಥಾನ ಬದಲಿಸಿ ಬಳಸಿದ್ದೇನೆ. ಆಮೇಲೆ ಇದರ ಡ್ಯುಯಲ್ ತೆಗೆದೆ, ಆವರಣಗಳನ್ನೂ ಜಾಗ್ರತೆಯಿಂದ ಹಾಕಿದೆ:

```
AB + A'C = (A + C)(A' + B)
```

ಆದರೆ ಇದರಲ್ಲಿ B ಮತ್ತು C ಯನ್ನು ಅದಲುಬದಲು ಮಾಡಿದರೆ ಆರಂಭದ ಸಮೀಕರಣವೇ ಮತ್ತೆ ಬರುತ್ತದೆ, ಎಡಬಲಗಳು ಮಾತ್ರ ಬದಲಾಗಿವೆ. ಡ್ಯುಯಲ್ ತೆಗೆದರೂ ಹೊಸದೇನೂ ಸಿಗಲಿಲ್ಲ. ನಾನು ಎಲ್ಲಿಯಾದರೂ ಎಡವಿದ್ದೇನೆಯೇ?

ಸೀಮೆಸುಣ್ಣ

ಎಲ್ಲಿಯೂ ಎಡವಿಲ್ಲ. ಸಾಧನೆ ಸರಿಯಾಗಿದೆ. ಪ್ರತಿಯೊಂದು ಡ್ಯುಯಲ್ ಹೊಸ ಸಮೀಕರಣವನ್ನೇ ಕೊಡಬೇಕೆಂಬ ನಿಯಮವಿಲ್ಲ. ಇಲ್ಲಿ ಕಾರಣವನ್ನೂ ಕಾಣಬಹುದು: AB + A'C ಯ ಡ್ಯುಯಲ್ (A + B)(A' + C), ನೀವು ಸಾಧಿಸಿದಂತೆ ಅದು AC + A'B. ಅಂದರೆ ಮಲ್ಟಿಪ್ಲೆಕ್ಸರ್‌ನ ಡ್ಯುಯಲ್ ಕೂಡ ಮಲ್ಟಿಪ್ಲೆಕ್ಸರ್ರೇ, ಎರಡು ಇನ್‌ಪುಟ್ ತಂತಿಗಳು ಮಾತ್ರ ಅದಲುಬದಲಾಗಿವೆ. ಮೂರನೆಯ ಸಾಲಿನಿಂದ ನಾಲ್ಕನೆಯದಕ್ಕೆ ಹೋಗುವಾಗ "ಕನ್ಸೆನ್ಸಸ್ ಪ್ರಮೇಯದಿಂದ" ಎಂದು ಪಕ್ಕದಲ್ಲಿ ಬರೆಯಿರಿ, ನಿಮ್ಮ ಮೊದಲ ಸಮೀಕರಣದ ಹೆಸರೇ ಅದು. ಇಲ್ಲದಿದ್ದರೆ ನೀವು BC ಯನ್ನು ಸುಮ್ಮನೆ ಹೊಡೆದಿರಿ ಎಂದು ನೋಡುವವರಿಗೆ ಅನ್ನಿಸುತ್ತದೆ.

ಬೆಸುಗೆಕಡ್ಡಿ

ಅಂದ ಹಾಗೆ, (A + B)(A' + C) ರೂಪದಲ್ಲಿ ಕಟ್ಟಿದ ಸರ್ಕ್ಯೂಟ್ ಮತ್ತು AC + A'B ರೂಪದಲ್ಲಿ ಕಟ್ಟಿದ್ದು ನನ್ನ ಮೇಜಿನ ಮೇಲೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಮೊದಲನೆಯದು B, C ಎರಡೂ 0 ಇರುವಾಗ ಮಿಣುಕುತ್ತದೆ, ಎರಡನೆಯದು ಎರಡೂ 1 ಇರುವಾಗ ಕುಸಿಯುತ್ತದೆ. ಸಮೀಕರಣದ ಎರಡು ಬದಿಗಳಿಗೆ ಎರಡು ಬೇರೆ ದೋಷಗಳು.

ಅಘನಾಶಿನಿ

ಹಾಗಾದರೆ ಉಳಿದದ್ದು ನನ್ನ ಮೊದಲ ಪೋಸ್ಟ್‌ನ ಕೊನೆಯ ಪ್ರಶ್ನೆ. ಉತ್ತರಪತ್ರಿಕೆಯಲ್ಲಿ ಎರಡನೆಯ ಭಾಗಕ್ಕೆ "ಡ್ಯುಯಾಲಿಟಿ ತತ್ವದಿಂದ" ಎಂದು ಬರೆದರೆ ಸಾಕೇ?

ಸೀಮೆಸುಣ್ಣ

ಪ್ರಶ್ನೆಯಲ್ಲಿ "ಆದುದರಿಂದ" ಎಂದಿದ್ದರೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆ ಪದ ಇರುವುದೇ ಮೊದಲ ಭಾಗವನ್ನು ಬಳಸಲಿ ಎಂದು. ಮೊದಲ ಭಾಗದ ಸಾಧನೆ ಸತ್ಯಕೋಷ್ಟಕದಿಂದ ಆಗಿದ್ದರೂ ತತ್ವ ಅನ್ವಯವಾಗುತ್ತದೆ, ನಿತ್ಯಸಮೀಕರಣ ಸತ್ಯವಾಗಿದ್ದರೆ ಸಾಕು.

ಪರ್ಯಾಯಪಥ

ನಾನು ಓದಿದ ಕಾಲೇಜಿನಲ್ಲಿ ಆ ಒಂದು ಸಾಲಿಗೆ ಅರ್ಧ ಅಂಕವೂ ಸಿಗುತ್ತಿರಲಿಲ್ಲ. ಸಾಲು ಸಾಲಾಗಿ ತಿರುಗಿಸಿ ಬರೆಯಲೇಬೇಕಿತ್ತು. ನಾಲ್ಕು ಸಾಲು ಹೆಚ್ಚಾದರೂ ಪರವಾಗಿಲ್ಲ, ಎರಡನ್ನೂ ಬರೆಯಿರಿ ಎಂದೇ ನಾನು ಹೇಳುತ್ತೇನೆ.